ಅಂಕ ಒಂದೇ, ಅಂದ ಬೇರೆ

ಚಿತ್ರಗಳ ಜೊತೆ ಕೆಲಸ ಮಾಡುವ ಎಂಜಿನಿಯರುಗಳಿಗೆಲ್ಲ ಪರಿಚಯವಿರುವ ಹಳೆಯ ಕಪ್ಪು-ಬಿಳುಪು ಫೋಟೊ ಒಂದಿದೆ. ಅದರಲ್ಲಿರುವುದು ದೋಣಿ, ಫೋಟೊದ ಹೆಸರೂ ‘ಬೋಟ್’ ಅಂತಲೇ. 2004ರಲ್ಲಿ ಝೌ ವಾಂಗ್, ಅಲನ್ ಬೋವಿಕ್, ಹಮೀದ್ ಶೇಖ್ ಮತ್ತು ಈರೋ ಸಿಮೊನ್ಸೆಲಿ ಎಂಬ ನಾಲ್ವರು ತಮ್ಮ ಪ್ರಬಂಧವೊಂದರಲ್ಲಿ ಈ ದೋಣಿಯನ್ನು ಬೇಕೆಂದೇ ಐದು ಬಗೆಯಲ್ಲಿ ಕೆಡಿಸಿ, ಐದನ್ನೂ ಮೂಲದ ಪಕ್ಕದಲ್ಲಿ ಅಚ್ಚು ಹಾಕಿದರು. ಒಂದರಲ್ಲಿ ಇಡೀ ಚಿತ್ರದ ಬೆಳಕನ್ನು ಒಂದೇ ಸಮನೆ ಬದಲಿಸಿದ್ದರು. ಇನ್ನೊಂದರಲ್ಲಿ ಕಪ್ಪಿಗೂ ಬಿಳಿಗೂ ಇರುವ ಅಂತರವನ್ನು ಹಿಗ್ಗಿಸಿದ್ದರು. ಮೂರನೆಯದನ್ನು ಜೆಪೆಗ್ ವಿಧಾನದಲ್ಲಿ ವಿಪರೀತ ಹಿಂಡಿ ಚೌಕಚೌಕ ಎದ್ದು ಕಾಣುವಂತೆ ಮಾಡಿದ್ದರು. ನಾಲ್ಕನೆಯದು ಕನ್ನಡಕ ತೆಗೆದು ನೋಡಿದ ಹಾಗೆ ಮಸುಕು. ಐದನೆಯದರ ಮೇಲೆ ಕಪ್ಪು-ಬಿಳಿ ಚುಕ್ಕೆಗಳನ್ನು ಉದುರಿಸಿದ್ದರು. ಆ ಕ್ಷೇತ್ರದವರು ಇದನ್ನು ಉಪ್ಪು-ಮೆಣಸಿನ ಗದ್ದಲ ಎಂದೇ ಕರೆಯುತ್ತಾರೆ.

ಮೊದಲಿನ ಎರಡನ್ನು ಯಾರ ಕೈಗೆ ಕೊಟ್ಟರೂ ‘ಚೆನ್ನಾಗಿದೆಯಲ್ಲ, ಏನಾಗಿದೆ ಇದಕ್ಕೆ?’ ಎಂದು ಕೇಳುತ್ತಾರೆ. ಉಳಿದ ಮೂರನ್ನು ಕೊಟ್ಟರೆ ಹಿಂದಕ್ಕೆ ಕೊಡುತ್ತಾರೆ. ಆದರೆ ಆ ಹೊತ್ತಿಗೆ ಎಲ್ಲರೂ ಬಳಸುತ್ತಿದ್ದ ಅಳತೆಯ ಪ್ರಕಾರ ಐದೂ ಚಿತ್ರಗಳ ತಪ್ಪಿನ ಪ್ರಮಾಣ ಒಂದೇ, 210. ಡೆಸಿಬಲ್ ಲೆಕ್ಕಕ್ಕೆ ತಿರುಗಿಸಿದರೆ ಐದಕ್ಕೂ ಸುಮಾರು 24.9. ಅಂಕಪಟ್ಟಿ ಮಾತ್ರ ನೋಡುವವನಿಗೆ ಐದೂ ದೋಣಿಗಳು ಅವಳಿಜವಳಿ.

ಅಳತೆಗೋಲು ಹೀಗೇಕೆ ಎಡವಿತು ಎಂದು ತಿಳಿಯಬೇಕಾದರೆ ಲೆಕ್ಕವನ್ನು ಒಮ್ಮೆ ನಮ್ಮ ಕೈಯಿಂದಲೇ ಮಾಡಿ ನೋಡಬೇಕು. ದೋಣಿಯ ಚಿತ್ರದಲ್ಲಿ ಲಕ್ಷಗಟ್ಟಲೆ ಪಿಕ್ಸೆಲ್‌ಗಳಿವೆ. ನಮಗೆ ಹದಿನಾರು ಸಾಕು.

ಪಟ್ಟೆಪಟ್ಟೆಯ ಒಂದು ಬಟ್ಟೆಯನ್ನು ಫೋಟೊ ತೆಗೆದಿದ್ದೀರಿ ಎಂದುಕೊಳ್ಳಿ. ಅದರಿಂದ ನಾಲ್ಕು ಸಾಲು, ನಾಲ್ಕು ಕಂಬದ ಒಂದು ಚೂರನ್ನು ಕತ್ತರಿಸಿಕೊಳ್ಳೋಣ. ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗಿನ ಒಂದು ಅಂಕಿ ಇರುತ್ತದೆ. 0 ಅಂದರೆ ಕಡುಕಪ್ಪು, 255 ಅಂದರೆ ಬೆಳ್ಳಂಬಿಳಿ. ನಮ್ಮ ಚೂರಿನ ಪ್ರತಿ ಸಾಲೂ 90, 110, 90, 110 ಎಂದಿದೆ. ಕೊಂಚ ಕಪ್ಪು ಎಳೆ, ಕೊಂಚ ಬಿಳಿ ಎಳೆ, ಮತ್ತೆ ಕಪ್ಪು, ಮತ್ತೆ ಬಿಳಿ. ಎಂಟು ಪಿಕ್ಸೆಲ್ 90, ಎಂಟು ಪಿಕ್ಸೆಲ್ 110, ಸರಾಸರಿ 100.

ಈ ಚೂರನ್ನು ಯಾವುದೋ ತಂತ್ರಾಂಶ ಹಿಂಡಿ, ಕಳಿಸಿ, ಮತ್ತೆ ಬಿಡಿಸಿತು. ಈಗ ಪ್ರತಿ ಸಾಲೂ 100, 120, 100, 120 ಆಗಿದೆ. ತಪ್ಪು ಎಷ್ಟು? ಪ್ರತಿ ಪಿಕ್ಸೆಲ್‌ನಲ್ಲೂ ಹೊಸ ಅಂಕಿಯಿಂದ ಹಳೆಯದನ್ನು ಕಳೆಯಿರಿ, 10 ಬರುತ್ತದೆ. ಅದನ್ನು ವರ್ಗ ಮಾಡಿ, 100. ಹದಿನಾರು ಕಡೆಯೂ ನೂರು, ಒಟ್ಟು 1600. ಹದಿನಾರರಿಂದ ಭಾಗಿಸಿದರೆ 100. ಎಂಎಸ್‌ಇ ಎಂದು ಎಂಜಿನಿಯರುಗಳು ಹೇಳುವುದು ಇಷ್ಟನ್ನೇ: ತಪ್ಪುಗಳ ವರ್ಗದ ಸರಾಸರಿ.

ವರ್ಗ ಏಕೆ ಮಾಡಬೇಕು ಎಂದರೆ, ಮಾಡದಿದ್ದರೆ ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯನ್ನು ನುಂಗಿಹಾಕುತ್ತದೆ. ಹತ್ತು ಹೆಚ್ಚು, ಹತ್ತು ಕಡಿಮೆ ಸೇರಿ ಸೊನ್ನೆ ಆದರೆ ತಪ್ಪೇ ನಡೆದಿಲ್ಲ ಎಂದಾಗುತ್ತದೆ. ಜೊತೆಗೆ ವರ್ಗ ಮಾಡಿದಾಗ ದೊಡ್ಡ ತಪ್ಪಿಗೆ ದೊಡ್ಡ ಶಿಕ್ಷೆ ಬೀಳುತ್ತದೆ. ಈ ಉಪಾಯ ಚಿತ್ರಗಳಿಗಾಗಿ ಹುಟ್ಟಿದ್ದಲ್ಲ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ, ಜರ್ಮನಿಯ ಗೌಸ್ 1809ರಲ್ಲಿ ಆಕಾಶಕಾಯಗಳ ಕಕ್ಷೆ ಲೆಕ್ಕ ಹಾಕುವಾಗ ಪ್ರಕಟಿಸಿದ ವರ್ಗಗಳ ಲೆಕ್ಕವೇ ನಮ್ಮ ಫೋನಿನ ಫೋಟೊದವರೆಗೂ ಬಂದಿದೆ.

ಎಂಎಸ್‌ಇ 100 ಎಂದರೆ ಒಳ್ಳೆಯದೋ ಕೆಟ್ಟದೋ? ಅದು ಅಳತೆಯ ಹರವನ್ನು ಅವಲಂಬಿಸಿದೆ. 255ರವರೆಗೆ ಹೋಗುವ ಚಿತ್ರದಲ್ಲಿ ಹತ್ತರಷ್ಟು ತಪ್ಪು ಒಂದು ಮಾತು, 4095ರವರೆಗೆ ಹೋಗುವ ವೈದ್ಯಕೀಯ ಚಿತ್ರದಲ್ಲಿ ಅದೇ ಹತ್ತು ಬೇರೆಯೇ ಮಾತು. ಅದಕ್ಕೇ ತಪ್ಪನ್ನು ಅತಿ ಹೆಚ್ಚಿನ ಅಂಕಿಯ ಜೊತೆ ಹೋಲಿಸುತ್ತಾರೆ. 255ರ ವರ್ಗ 65,025. ಅದನ್ನು 100ರಿಂದ ಭಾಗಿಸಿದರೆ 650.25. ಇಂಥ ಅನುಪಾತಗಳು ಒಮ್ಮೊಮ್ಮೆ ಹತ್ತಕ್ಕಿಳಿದು ಒಮ್ಮೊಮ್ಮೆ ಲಕ್ಷಕ್ಕೇರುವುದರಿಂದ, ಅದರ ಲಾಗರಿದಮ್ ತೆಗೆದು ಹತ್ತರಿಂದ ಗುಣಿಸುತ್ತಾರೆ. 650.25ರ ಲಾಗ್ 2.813, ಹತ್ತರಿಂದ ಗುಣಿಸಿದರೆ 28.13 ಡೆಸಿಬಲ್. ಇದೇ ಪಿಎಸ್‌ಎನ್‌ಆರ್. ಶಿಖರದಷ್ಟು ಸಂಕೇತಕ್ಕೆ ಎದುರಾಗಿ ಗದ್ದಲ ಎಷ್ಟು ಎಂಬ ಲೆಕ್ಕ ಅದು.

```
PSNR = 10 · log10(255² / MSE)
```

ಡೆಸಿಬಲ್ ಎಂದ ಕೂಡಲೇ ಮದುವೆಮನೆಯ ಧ್ವನಿವರ್ಧಕ ನೆನಪಾದರೆ ತಪ್ಪಲ್ಲ. ಟೆಲಿಫೋನ್ ತಂತಿಯಲ್ಲಿ ಸದ್ದು ಎಷ್ಟು ಸೋರಿಹೋಯಿತು ಎಂದು ಅಳೆಯಲು ಹುಟ್ಟಿದ, ಗ್ರಹಾಂ ಬೆಲ್ ಹೆಸರು ಹೊತ್ತ ಅಳತೆಯೇ ಅದು. ಆದರೆ ಇಲ್ಲಿ ಡೆಸಿಬಲ್ ಹೆಚ್ಚಿದಷ್ಟೂ ಒಳ್ಳೆಯದು. ತಪ್ಪು ಎರಡರಷ್ಟಾದರೆ ಹೆಚ್ಚುಕಡಿಮೆ 3 ಡೆಸಿಬಲ್ ಇಳಿಯುತ್ತದೆ, ಹತ್ತರಷ್ಟಾದರೆ ಸರಿಯಾಗಿ 10 ಇಳಿಯುತ್ತದೆ. ತಪ್ಪೇ ಇಲ್ಲದಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಅಂಕ ಅನಂತಕ್ಕೆ ಹೋಗುತ್ತದೆ.

ಇಲ್ಲಿಯವರೆಗೆ ಜಗಳವಿಲ್ಲ. ಈಗ ಅದೇ ಬಟ್ಟೆಯ ಚೂರನ್ನು ಇನ್ನೂ ಮೂರು ಬಗೆಯಲ್ಲಿ ಕೆಡಿಸೋಣ.

ಎರಡನೆಯ ಬಗೆಯಲ್ಲಿ ಕಪ್ಪೆಳೆಯನ್ನು ಇನ್ನಷ್ಟು ಕಪ್ಪು, ಬಿಳಿಯೆಳೆಯನ್ನು ಇನ್ನಷ್ಟು ಬಿಳಿ ಮಾಡೋಣ. ಪ್ರತಿ ಸಾಲೂ 80, 120, 80, 120. ಎಲ್ಲ ಕಡೆಯೂ ವ್ಯತ್ಯಾಸ ಹತ್ತೇ, ಎಂಎಸ್‌ಇ 100. ಮೂರನೆಯ ಬಗೆಯಲ್ಲಿ ಹದಿನೈದು ಪಿಕ್ಸೆಲ್‌ಗಳನ್ನು ಮುಟ್ಟದೆ, ಒಂದೇ ಒಂದು 110ನ್ನು 150 ಮಾಡೋಣ. ವ್ಯತ್ಯಾಸ 40, ವರ್ಗ 1600, ಹದಿನಾರರಿಂದ ಭಾಗಿಸಿದರೆ ಮತ್ತೆ 100. ನಾಲ್ಕನೆಯ ಬಗೆಯಲ್ಲಿ ಎಲ್ಲ ಪಿಕ್ಸೆಲ್‌ಗೂ 100 ಬರೆದುಬಿಡೋಣ. 90 ಇದ್ದಲ್ಲಿ ಹತ್ತು ಹೆಚ್ಚು, 110 ಇದ್ದಲ್ಲಿ ಹತ್ತು ಕಡಿಮೆ, ಎಂಎಸ್‌ಇ ಮತ್ತದೇ 100.

ನಾಲ್ಕಕ್ಕೂ 28.13 ಡೆಸಿಬಲ್. ಆದರೆ ಬಟ್ಟೆಗೆ ಏನಾಗಿದೆ ನೋಡಿ. ಮೊದಲನೆಯದು ಕಿಟಕಿ ತೆರೆದಾಗ ಕಾಣುವ ಅದೇ ಬಟ್ಟೆ. ಎರಡನೆಯದರಲ್ಲಿ ಪಟ್ಟೆ ತುಸು ಎದ್ದುಬಂದಿದೆ, ಅಂಗಡಿಯವನಿಗೆ ಅದೇ ಹಿಡಿಸಬಹುದು. ಮೂರನೆಯದರಲ್ಲಿ ಒಂದು ಬಿಳಿ ಕಲೆ. ನಾಲ್ಕನೆಯದರಲ್ಲಿ ಪಟ್ಟೆಯೇ ಇಲ್ಲ. ನೇಕಾರನ ಕೆಲಸ ಪೂರ್ತಿ ಅಳಿಸಿಹೋಗಿ ಬೂದು ಬಣ್ಣದ ರಟ್ಟು ಉಳಿದಿದೆ. ಪಿಎಸ್‌ಎನ್‌ಆರ್‌ಗೆ ಇದು ಗೊತ್ತಾಗುವುದೇ ಇಲ್ಲ. ಅದು ಪ್ರತಿ ಪಿಕ್ಸೆಲ್ಲನ್ನೂ ಒಂಟಿಯಾಗಿ ಕರೆದು ‘ನೀನು ಎಷ್ಟು ತಪ್ಪಿದೆ?’ ಎಂದು ಕೇಳುತ್ತದೆ. ಪಕ್ಕದವನಿಗೂ ನಿನಗೂ ಇದ್ದ ಸಂಬಂಧ ಏನಾಯಿತು ಎಂದು ಕೇಳುವುದಿಲ್ಲ. ಹದಿನಾರು ತಪ್ಪುಗಳನ್ನು ಚೀಲಕ್ಕೆ ಹಾಕಿ ಕುಲುಕಿ, ಬೇರೆ ಬೇರೆ ಜಾಗದಲ್ಲಿ ಸುರಿದರೂ ಅದರ ಉತ್ತರ ಬದಲಾಗದು. ಪಟ್ಟೆ ಎನ್ನುವುದಾದರೋ ಒಂದು ಪಿಕ್ಸೆಲ್‌ನಲ್ಲಿ ಇರುವ ವಸ್ತುವಲ್ಲ, ಎರಡರ ನಡುವೆ ಇರುವಂಥದ್ದು.

ಆ ಸಂಬಂಧವನ್ನು ಕೇಳುವ ಅಳತೆಯನ್ನೇ ಆ ನಾಲ್ವರು ಪ್ರಬಂಧದಲ್ಲಿ ಮುಂದಿಟ್ಟರು. ಅದರ ಹೆಸರು ಎಸ್‌ಎಸ್‌ಐಎಂ, ಬಳಸುವವರ ಬಾಯಲ್ಲಿ ‘ಎಸ್ಸಿಮ್’. ರಚನೆಯ ಸಾಮ್ಯ ಎಂದು ಅದರ ಅರ್ಥ. ಅವರ ನಂಬಿಕೆ ಇಷ್ಟು: ಮನುಷ್ಯನ ಕಣ್ಣು ದೃಶ್ಯದಿಂದ ರಚನೆಯನ್ನು ಹೆಕ್ಕಿಕೊಳ್ಳುವುದರಲ್ಲಿ ಪಳಗಿದೆ. ಹಾಗಾಗಿ ಚಿತ್ರ ಎಷ್ಟು ಕೆಟ್ಟಿದೆ ಎನ್ನುವುದಕ್ಕೆ ರಚನೆ ಎಷ್ಟು ಕೆಟ್ಟಿದೆ ಎನ್ನುವುದೇ ಹತ್ತಿರದ ಉತ್ತರ.

ಎಸ್ಸಿಮ್ ಚಿತ್ರದ ಮೇಲೆ ಒಂದು ಸಣ್ಣ ಕಿಟಕಿಯನ್ನು ಇಟ್ಟು ನೋಡುತ್ತದೆ. ಮೂಲ ಪ್ರಬಂಧದಲ್ಲಿ ಅದು 11 ಪಿಕ್ಸೆಲ್ ಉದ್ದ, 11 ಅಗಲ, ನಡುವಿನ ಪಿಕ್ಸೆಲ್‌ಗಳಿಗೆ ತೂಕ ಹೆಚ್ಚು, ಅಂಚಿನವಕ್ಕೆ ಕಡಿಮೆ. ಕಿಟಕಿಯೊಳಗೆ ಕಂಡದ್ದರ ಬಗ್ಗೆ ಮೂರು ಪ್ರಶ್ನೆ ಕೇಳುತ್ತದೆ. ಎರಡೂ ಚಿತ್ರಗಳ ಸರಾಸರಿ ಬೆಳಕು ಹತ್ತಿರವಿದೆಯೇ? ಏರಿಳಿತದ ಹರವು, ಅಂದರೆ ಸರಾಸರಿಯಿಂದ ಪಿಕ್ಸೆಲ್‌ಗಳು ದೂರ ಸರಿದಿರುವ ಪ್ರಮಾಣ, ಹತ್ತಿರವಿದೆಯೇ? ಮೂಲ ಏರಿದ ಕಡೆ ನಕಲೂ ಏರಿ, ಇಳಿದ ಕಡೆ ಇದೂ ಇಳಿಯುತ್ತದೆಯೇ? ಮೂರನ್ನೂ ಗುಣಿಸಿ ಒಂದು ಅಂಕ ಕೊಟ್ಟು, ಕಿಟಕಿಯನ್ನು ಒಂದು ಪಿಕ್ಸೆಲ್ ಮುಂದೆ ಜರುಗಿಸುತ್ತದೆ. ಹೀಗೆ ಚಿತ್ರವಿಡೀ ಸುತ್ತಿ ಕೊನೆಗೆ ಸರಾಸರಿ ತೆಗೆಯುತ್ತದೆ. ಪೂರ್ಣ ಅಂಕ 1.

```
SSIM = (2·mx·my + C1)·(2·sxy + C2)
       / ((mx² + my² + C1)·(sx² + sy² + C2))
```

ಇಲ್ಲಿ `mx`, `my` ಎರಡು ಚಿತ್ರಗಳ ಸರಾಸರಿ. `sx²`, `sy²` ಅವುಗಳ ಹರವು. `sxy` ಎರಡೂ ಜೊತೆಜೊತೆಗೆ ಏರಿಳಿಯುವ ಪ್ರಮಾಣ. `C1` ಮತ್ತು `C2` ಎರಡು ಸಣ್ಣ ಸ್ಥಿರಾಂಕಗಳು. 255ರ ಶೇಕಡಾ ಒಂದನ್ನು ವರ್ಗ ಮಾಡಿದರೆ ಮೊದಲನೆಯದು, 6.5025. ಶೇಕಡಾ ಮೂರನ್ನು ವರ್ಗ ಮಾಡಿದರೆ ಎರಡನೆಯದು, 58.5225. ಕಿಟಕಿಯೊಳಗೆ ಪೂರ್ತಿ ಕಪ್ಪು ಅಥವಾ ಪೂರ್ತಿ ಸಪಾಟು ಇದ್ದಾಗ ಸೊನ್ನೆಯಿಂದ ಭಾಗಿಸುವ ಪಾಡು ಬರದಿರಲಿ ಎಂದು ಅವನ್ನು ಸೇರಿಸಿದ್ದಾರೆ.

ನಮ್ಮ ಹದಿನಾರು ಪಿಕ್ಸೆಲ್ಲಿನ ಚೂರನ್ನೇ ಒಂದು ಕಿಟಕಿ ಎಂದುಕೊಂಡು, ಎಲ್ಲಕ್ಕೂ ಸಮ ತೂಕ ಕೊಟ್ಟು ಲೆಕ್ಕ ಮಾಡೋಣ. ಮೂಲದ ಸರಾಸರಿ 100. ಪ್ರತಿ ಪಿಕ್ಸೆಲ್ಲೂ ಅದರಿಂದ ಹತ್ತು ದೂರ, ವರ್ಗ ಮಾಡಿದರೆ ನೂರು, ಆದ್ದರಿಂದ ಹರವು 100.

ಪಟ್ಟೆ ಅಳಿಸಿಹೋದ ನಾಲ್ಕನೆಯ ಬಗೆಯನ್ನು ಮೊದಲು ಹಿಡಿಯೋಣ. ಅದರ ಸರಾಸರಿಯೂ 100, ಹಾಗಾಗಿ ಬೆಳಕಿನ ಭಾಗಕ್ಕೆ ಪೂರ್ಣ ಅಂಕ. ಆದರೆ ಅದರ ಹರವು ಸೊನ್ನೆ, ಜೊತೆಯ ಏರಿಳಿತವೂ ಸೊನ್ನೆ. ಮೇಲೆ ಉಳಿಯುವುದು ಸ್ಥಿರಾಂಕ 58.5225 ಮಾತ್ರ, ಕೆಳಗೆ 100ಕ್ಕೆ ಅದನ್ನು ಕೂಡಿದರೆ 158.5225. ಭಾಗಿಸಿದರೆ 0.369. ಬೆಳಕಷ್ಟೇ ಬದಲಾದ ಮೊದಲ ಬಗೆಯಲ್ಲಿ ತದ್ವಿರುದ್ಧ. ಹರವು ಹಾಗೇ ಇದೆ, ಏರಿಳಿತವೂ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ, ಆ ಭಾಗಕ್ಕೆ ಪೂರ್ಣ 1. ಸರಾಸರಿ 100ರ ಬದಲು 110 ಆದದ್ದಕ್ಕೆ ಅಲ್ಪ ದಂಡ ಬಿದ್ದು 0.995ಕ್ಕೆ ನಿಲ್ಲುತ್ತದೆ. ಪಟ್ಟೆ ಎದ್ದುಬಂದ ಎರಡನೆಯದಕ್ಕೆ 0.821, ಕಲೆ ಬಿದ್ದ ಮೂರನೆಯದಕ್ಕೆ 0.767. ಒಂದೇ 28.13 ಡೆಸಿಬಲ್ ಒಳಗೆ ಅಡಗಿ ಕುಳಿತಿದ್ದ ನಾಲ್ಕು ಬಟ್ಟೆಗಳು ಈಗ ಸಾಲಾಗಿ ನಿಂತವು, ನಾವು ಕಣ್ಣಳತೆಯಲ್ಲಿ ನಿಲ್ಲಿಸುತ್ತಿದ್ದ ಕ್ರಮದಲ್ಲೇ.

ದೋಣಿಯ ಐದು ಚಿತ್ರಗಳಿಗೂ ಹೀಗೇ ಆಯಿತು. ಬೆಳಕು ಬದಲಾದದ್ದಕ್ಕೆ 0.99, ಅಂತರ ಹಿಗ್ಗಿಸಿದ್ದಕ್ಕೆ 0.9168. ಉಪ್ಪು-ಮೆಣಸಿನದು 0.7748, ಮಸುಕು 0.7052, ಜೆಪೆಗ್ ಚೌಕಗಳದ್ದು ಕೊನೆಗೆ 0.6949.

ಈ ಸೂತ್ರದಲ್ಲಿ ನನಗೆ ಹಿಡಿಸುವುದು ಅದರ ಜಾಣತನಕ್ಕಿಂತ ಅದರ ಮಿತವ್ಯಯ. ಕಣ್ಣಿನ ಎರಡು ಗುಣಗಳು ಅದರೊಳಗೆ ಸದ್ದಿಲ್ಲದೆ ಕುಳಿತಿವೆ. ಹಗಲಲ್ಲಿ ಮೊಂಬತ್ತಿ ಹಚ್ಚಿದರೆ ಗೊತ್ತಾಗುವುದಿಲ್ಲ, ಕತ್ತಲ ಕೋಣೆಯಲ್ಲಿ ಹಚ್ಚಿದರೆ ಮನೆಯೇ ಬೆಳಗುತ್ತದೆ. ಸರಾಸರಿ 100 ಇದ್ದಲ್ಲಿ ಹತ್ತು ಹೆಚ್ಚಿಸಿದಾಗ ಬೆಳಕಿನ ಭಾಗ 0.995 ಆಗಿತ್ತಲ್ಲ, ಸರಾಸರಿ 20 ಇರುವ ಮಬ್ಬು ಮೂಲೆಯಲ್ಲಿ ಅದೇ ಹತ್ತು ಹೆಚ್ಚಿಸಿದರೆ ಅದು 0.923ಕ್ಕೆ ಇಳಿಯುತ್ತದೆ. ಎಂಎಸ್‌ಇಗೆ ಎರಡೂ ನೂರೇ.

ಇನ್ನೊಂದು ಗುಣ, ಗಲಾಟೆಯ ಸಂತೆಯಲ್ಲಿ ಪಿಸುಮಾತು ಕೇಳದಿರುವುದು. ಸುಣ್ಣ ಬಳಿದ ಗೋಡೆಯ ಮೇಲೆ ಹತ್ತು ಮೇಲೆ ಹತ್ತು ಕೆಳಗೆ ಎಂಬಂತೆ ಗದ್ದಲದ ಕಾಳು ಚೆಲ್ಲಿದರೆ ಕಣ್ಣಿಗೆ ಕುಕ್ಕುತ್ತದೆ. ಅದೇ ಕಾಳನ್ನು ಹುಣಸೆಮರದ ಎಲೆಗಳ ಮೇಲೆ ಚೆಲ್ಲಿದರೆ ಎಲೆಗಳ ಗೊಂದಲದಲ್ಲಿ ಕರಗಿಹೋಗುತ್ತದೆ. ಸಪಾಟು ಗೋಡೆಯ ಹರವು ಸೊನ್ನೆ, ಅಲ್ಲಿ ಎಸ್ಸಿಮ್ 0.369. ಹರವು 2000 ಇರುವ ಎಲೆಗಳ ಮೇಲೆ, ಗದ್ದಲಕ್ಕೂ ಎಲೆಗಳ ವಿನ್ಯಾಸಕ್ಕೂ ನಂಟಿಲ್ಲದಿದ್ದರೆ, 0.976. ಪಿಎಸ್‌ಎನ್‌ಆರ್ ಎರಡು ಕಡೆಯೂ 28.13 ಎಂದೇ ಹೇಳುತ್ತದೆ. ಹಿಂಡುವ ತಂತ್ರಾಂಶ ಬರೆಯುವವರಿಗೆ ಇದು ದುಡ್ಡಿನ ಮಾತು: ಎಲೆಗಳಲ್ಲಿ ಉಳಿಸಿ ಗೋಡೆಗೆ ಖರ್ಚು ಮಾಡಬಹುದು. ಟಿವಿ ಉದ್ಯಮ ಈ ಅಳತೆಯನ್ನು ಎಷ್ಟು ಹಚ್ಚಿಕೊಂಡಿತೆಂದರೆ, 2015ರಲ್ಲಿ ಆ ನಾಲ್ವರಿಗೂ ಎಂಜಿನಿಯರಿಂಗ್ ವಿಭಾಗದ ಪ್ರೈಮ್‌ಟೈಮ್ ಎಮ್ಮಿ ಪ್ರಶಸ್ತಿ ಬಂತು. ನಟನಟಿಯರ ಪ್ರಶಸ್ತಿ ಒಂದು ಸೂತ್ರಕ್ಕೂ ಸಿಕ್ಕಿತೆನ್ನಿ.

ಹಾಗಾದರೆ ಹಳೆಯದನ್ನು ಎಸೆದು ಹೊಸದನ್ನು ಹಿಡಿದರಾಯಿತೇ? ನಮ್ಮ ಬಟ್ಟೆಯನ್ನು ಇನ್ನೊಂದೇ ಸಲ ಕೆಡಿಸಿ ನೋಡೋಣ. ಈ ಸಲ ಅಂಕಿಗಳನ್ನು ಮುಟ್ಟುವುದೇ ಬೇಡ, ಇಡೀ ಬಟ್ಟೆಯನ್ನು ಒಂದು ಪಿಕ್ಸೆಲ್‌ನಷ್ಟು ಎಡಕ್ಕೆ ಜರುಗಿಸೋಣ. ಈಗ ಪ್ರತಿ ಸಾಲೂ 110, 90, 110, 90. ಕಣ್ಣಿಗೆ ಅದೇ ಬಟ್ಟೆ, ಅದೇ ಪಟ್ಟೆ. ಆದರೆ ಪ್ರತಿ ಪಿಕ್ಸೆಲ್‌ನಲ್ಲೂ ವ್ಯತ್ಯಾಸ 20. ಎಂಎಸ್‌ಇ 400ಕ್ಕೆ ಹಾರಿ ಪಿಎಸ್‌ಎನ್‌ಆರ್ 22.11ಕ್ಕೆ ಕುಸಿಯುತ್ತದೆ. ಎಸ್ಸಿಮ್ ಪಾಡು ಇನ್ನೂ ಕೆಟ್ಟದು. ಮೂಲ ಏರಿದ ಕಡೆ ನಕಲು ಇಳಿಯುವುದರಿಂದ ಜೊತೆಯ ಏರಿಳಿತ ಋಣ 100 ಆಗುತ್ತದೆ, ಅಂಕ ಸೊನ್ನೆಗಿಂತ ಕೆಳಗಿಳಿದು −0.547 ಬರುತ್ತದೆ. ಪಟ್ಟೆಯೇ ಅಳಿಸಿಹೋದ ರಟ್ಟಿಗೆ 0.369 ಕೊಟ್ಟ ಅಳತೆ, ಪಟ್ಟೆ ಪೂರ್ತಿ ಉಳಿದಿರುವ ಬಟ್ಟೆಯನ್ನು ಅದಕ್ಕಿಂತ ಕೀಳೆಂದು ತಳ್ಳಿಹಾಕಿತು.

ನಮ್ಮ ಉದಾಹರಣೆ ತೀರಾ ನಯವಾದ ಪಟ್ಟೆಯದ್ದಾದ್ದರಿಂದ ಇಷ್ಟು ವಿಪರೀತ. ಆದರೂ ಕೈಯಲ್ಲಿ ಹಿಡಿದು ತೆಗೆದ ಎರಡು ಫೋಟೊಗಳನ್ನೋ, ಸ್ಕ್ಯಾನರಿನಲ್ಲಿ ಎರಡು ಸಲ ಇಟ್ಟ ಒಂದೇ ಹಾಳೆಯನ್ನೋ ಹೋಲಿಸಿದಾಗ ಈ ತೊಂದರೆ ನಿಜಕ್ಕೂ ಎದುರಾಗುತ್ತದೆ. ಗುರುತು ಹಿಡಿಯುವುದು ಸುಲಭ. ಕಣ್ಣಿಗೆ ಚಿತ್ರ ಚೆನ್ನಾಗಿದ್ದು ಅಂಕ ಮಾತ್ರ ಪಾತಾಳ ಸೇರಿದ್ದರೆ ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು ಚಿತ್ರವಾಗಿ ನೋಡಬೇಕು. ವಸ್ತುಗಳ ಅಂಚುಗಳಷ್ಟೇ ಗೆರೆಗೆರೆಯಾಗಿ ಉಳಿದಿದ್ದರೆ ಚಿತ್ರ ಜರುಗಿದೆ ಎಂದರ್ಥ. ಮೊದಲು ಎರಡನ್ನೂ ಸರಿಯಾಗಿ ಒಂದರ ಮೇಲೊಂದು ಕೂರಿಸಿ, ಆಮೇಲೆ ಅಳೆಯಬೇಕು.

ಎಸ್ಸಿಮ್ ಅಂಕಗಳನ್ನು ಒಬ್ಬರದ್ದಕ್ಕೆ ಇನ್ನೊಬ್ಬರದ್ದನ್ನು ಹೋಲಿಸುವಾಗ ಇನ್ನೊಂದು ತಕರಾರು ಇದೆ. ಕಿಟಕಿಯ ಅಳತೆ ಎಷ್ಟು, ತೂಕ ಹೇಗೆ ಹಂಚಿದ್ದಾರೆ, ಅಳೆಯುವ ಮೊದಲು ಚಿತ್ರವನ್ನು ಕುಗ್ಗಿಸಿದ್ದಾರೋ ಇಲ್ಲವೋ, ಬಣ್ಣದ ಚಿತ್ರವಾದರೆ ಬಣ್ಣ ಬಿಟ್ಟು ಬೆಳಕನ್ನಷ್ಟೇ ನೋಡಿದ್ದಾರೋ, ಇವು ಬದಲಾದರೆ ಅದೇ ಚಿತ್ರಕ್ಕೆ ಬೇರೆ ಅಂಕ ಬರುತ್ತದೆ. ಹತ್ತು ಅಡಿ ದೂರದ ಟಿವಿಯಲ್ಲಿ ಕಾಣದ ಗದ್ದಲ ಅಂಗೈಯಲ್ಲಿ ಹಿಡಿದಾಗ ಕಾಣುತ್ತದೆ, ಆದರೆ ಸೂತ್ರಕ್ಕೆ ದೂರ ಎಂಬುದೇ ತಿಳಿಯದು. ಇದಕ್ಕೆ ಪರಿಹಾರವಾಗಿ ಚಿತ್ರವನ್ನು ಹಂತಹಂತವಾಗಿ ಕುಗ್ಗಿಸುತ್ತ ಪ್ರತಿ ಹಂತದಲ್ಲೂ ಅಳೆಯುವ ಬಗೆಯನ್ನು ವಾಂಗ್, ಬೋವಿಕ್ ಮತ್ತು ಸಿಮೊನ್ಸೆಲಿಯವರೇ ತಂದರು.

ಪಿಎಸ್‌ಎನ್‌ಆರ್ ಲೆಕ್ಕ ಇಷ್ಟು ಸರಳವಾದರೂ ಅದರಲ್ಲೇ ಮೋಸ ಹೋಗುವವರು ಕಡಿಮೆಯಿಲ್ಲ. ಕಂಪ್ಯೂಟರಿನಲ್ಲಿ ಪಿಕ್ಸೆಲ್‌ನ ಅಂಕಿ ಎಂಟು ಬಿಟ್‌ನ ಡಬ್ಬಿಯಲ್ಲಿ ಕೂತಿರುತ್ತದೆ. ಆ ಡಬ್ಬಿಗೆ 0ಯಿಂದ 255 ಬಿಟ್ಟರೆ ಬೇರೇನೂ ಹಿಡಿಸದು. ಹಳೆಯ ವಾಹನದ ಕಿಲೋಮೀಟರ್ ಗಾಲಿಯಂತೆ, ಮಿತಿ ದಾಟಿದರೆ ಸುತ್ತಿಕೊಂಡು ಮತ್ತೆ ಸೊನ್ನೆಯಿಂದ ಶುರು.

```python
import numpy as np
a = np.array([110], dtype=np.uint8)
b = np.array([150], dtype=np.uint8)
print((a - b) ** 2)                  # [64]
print((a.astype(float) - b) ** 2)    # [1600.]
```

ಕಲೆ ಬಿದ್ದ ಮೂರನೆಯ ಬಟ್ಟೆಯ ಲೆಕ್ಕವೇ ಇದು. ನಲವತ್ತರ ವರ್ಗ 1600. ಡಬ್ಬಿಯೊಳಗೆ 256ರ ಸುತ್ತುಗಳೆಲ್ಲ ಬಿದ್ದುಹೋಗಿ 64 ಉಳಿಯುತ್ತದೆ. ಹದಿನಾರರಿಂದ ಭಾಗಿಸಿದರೆ ಎಂಎಸ್‌ಇ 100ರ ಬದಲು 4, ಪಿಎಸ್‌ಎನ್‌ಆರ್ 28.13ರ ಬದಲು 42.11. ಇನ್ನೂ ತಮಾಷೆ ಎಂದರೆ, ವ್ಯತ್ಯಾಸ ಸರಿಯಾಗಿ 16 ಆದರೆ ಅದರ ವರ್ಗ 256, ಡಬ್ಬಿಯಲ್ಲಿ ಅದು ಸೊನ್ನೆ, ತಪ್ಪೇ ಇಲ್ಲ! 15ರವರೆಗಿನ ತಪ್ಪುಗಳು ಸರಿಯಾಗಿಯೇ ಲೆಕ್ಕವಾಗುವುದರಿಂದ ಒಳ್ಳೆಯ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ದೋಷ ಸಿಕ್ಕಿಬೀಳುವುದಿಲ್ಲ. ಕೆಟ್ಟ ಚಿತ್ರ ಬಂದಾಗಲೇ ಅಂಕ ಉಬ್ಬುತ್ತದೆ. ತಂತ್ರಾಂಶವನ್ನು ನಂಬುವ ಮೊದಲು ಪೂರ್ತಿ ಕಪ್ಪು ಮತ್ತು ಪೂರ್ತಿ ಬಿಳಿ ಚಿತ್ರಗಳನ್ನು ಕೊಟ್ಟು ನೋಡಿ. ಉತ್ತರ ಸರಿಯಾಗಿ 0 ಡೆಸಿಬಲ್ ಬರಬೇಕು. ಈ ದೋಷವಿದ್ದರೆ 48.13 ಬರುತ್ತದೆ.

ಸರಾಸರಿಯದ್ದು ಇನ್ನೊಂದು ಬಲೆ. ವಿಡಿಯೊದ ಎರಡು ಚೌಕಟ್ಟುಗಳಲ್ಲಿ ಒಂದರ ಎಂಎಸ್‌ಇ 1, ಇನ್ನೊಂದರದ್ದು 199 ಎಂದುಕೊಳ್ಳಿ. ತಪ್ಪುಗಳ ಸರಾಸರಿ ತೆಗೆದು ಆಮೇಲೆ ಡೆಸಿಬಲ್‌ಗೆ ತಿರುಗಿಸಿದರೆ ಮತ್ತೆ 28.13. ಒಂದೊಂದನ್ನೂ ಮೊದಲು ಡೆಸಿಬಲ್‌ಗೆ ತಿರುಗಿಸಿ ಆಮೇಲೆ ಸರಾಸರಿ ತೆಗೆದರೆ 36.64. ಎರಡೂ ಚಾಲ್ತಿಯಲ್ಲಿವೆ. ವರದಿಯಲ್ಲಿ ಯಾವುದೆಂದು ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಇಷ್ಟೆಲ್ಲ ದೂರಿದ ಮೇಲೂ ಪಿಎಸ್‌ಎನ್‌ಆರ್ ಕೆಲಸ ಕಳೆದುಕೊಂಡಿಲ್ಲ, ಅದಕ್ಕೆ ಕಾರಣವೂ ಇದೆ. ಒಂದೇ ಚಿತ್ರವನ್ನು ಒಂದೇ ತಂತ್ರಾಂಶದಲ್ಲಿ ಬೇರೆ ಬೇರೆ ಬಿಗಿಯಲ್ಲಿ ಹಿಂಡಿದರೆ ತಪ್ಪಿನ ಜಾತಿ ಒಂದೇ ಆಗಿರುತ್ತದೆ, ಪ್ರಮಾಣವಷ್ಟೇ ಬೇರೆ. ಅಂಥ ಕಡೆ ಅಂಕ ಇಳಿದಷ್ಟೂ ಚಿತ್ರ ಕೆಡುವುದನ್ನು ಅದು ನಂಬಿಕೆಗೆ ಅರ್ಹವಾಗಿಯೇ ಹೇಳುತ್ತದೆ. ಬಟ್ಟೆಯ ನಾಲ್ಕು ಚೂರುಗಳಲ್ಲಿ ಅದು ಸೋತದ್ದು ನಾಲ್ಕು ಜಾತಿಯ ತಪ್ಪುಗಳನ್ನು ಒಂದೇ ತಕ್ಕಡಿಗೆ ಹಾಕಿದ್ದರಿಂದ. ಜೊತೆಗೆ ಒಂದು ಗಣಿತದ ಅನುಕೂಲವಿದೆ. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನು ಅಲೆಗಳ ಮೊತ್ತವಾಗಿ ಬರೆಯುತ್ತದೆ. ವರ್ಗಗಳ ಮೊತ್ತ ಅಲೆಗಳ ಲೆಕ್ಕದಲ್ಲೂ ಪಿಕ್ಸೆಲ್ ಲೆಕ್ಕದಲ್ಲೂ ಒಂದೇ ಇರುತ್ತದೆ. ಹಾಗಾಗಿ ಯಾವ ಅಲೆಯನ್ನು ಬಿಟ್ಟರೆ ಎಷ್ಟು ನಷ್ಟ ಎಂದು ಚಿತ್ರವನ್ನು ಮತ್ತೆ ಬಿಡಿಸದೆಯೇ ತಿಳಿಯಬಹುದು. ಎಸ್ಸಿಮ್‌ನಲ್ಲಿ ಈ ಸೌಕರ್ಯ ಅಷ್ಟು ಸಲೀಸಾಗಿ ಸಿಗದು.

ಎರಡೂ ಅಳತೆಗಳು ಒಟ್ಟಿಗೇ ಕುರುಡಾಗುವ ಜಾಗ ಒಂದಿದೆ, ಕನ್ನಡದ ಹಾಳೆಗಳನ್ನು ಸ್ಕ್ಯಾನ್ ಮಾಡಿಡುವವರು ಅದನ್ನು ತಿಳಿದಿರಬೇಕು. ಸಾವಿರ ಪಿಕ್ಸೆಲ್ ಉದ್ದ, ಸಾವಿರ ಅಗಲದ ಒಂದು ಹಾಳೆ. ಅದರಲ್ಲೊಂದು ಕಡೆ ‘ದಂಡ’ ಎಂದಿದೆ. ಹಿಂಡುವಾಗ ನಡುವಿನ ಸೊನ್ನೆ ಹಾಳೆಯ ಬಣ್ಣದಲ್ಲಿ ಕರಗಿ ‘ದಡ’ ಉಳಿಯಿತು. ಕಟ್ಟಬೇಕಾದ ದುಡ್ಡು ನದಿಯ ಅಂಚಾಯಿತು. ಆ ಪುಟ್ಟ ಸೊನ್ನೆಯ ಬಳೆಯಲ್ಲಿ ಸುಮಾರು 36 ಕಪ್ಪು ಪಿಕ್ಸೆಲ್‌ಗಳು, ಪ್ರತಿಯೊಂದರಲ್ಲೂ 200ರಷ್ಟು ವ್ಯತ್ಯಾಸ ಎಂದಿಟ್ಟುಕೊಂಡರೆ ವರ್ಗಗಳ ಮೊತ್ತ 14,40,000. ಹಾಳೆಯ ಹತ್ತು ಲಕ್ಷ ಪಿಕ್ಸೆಲ್‌ಗೆ ಹಂಚಿದರೆ ಎಂಎಸ್‌ಇ 1.44, ಪಿಎಸ್‌ಎನ್‌ಆರ್ 46.5 ಡೆಸಿಬಲ್. ಬಹಳ ಒಳ್ಳೆಯ ನಕಲು ಎಂಬ ಪ್ರಮಾಣಪತ್ರ!

ಎಸ್ಸಿಮ್ ಕೂಡ ಕೈ ಹಿಡಿಯುವುದಿಲ್ಲ. ಎಂಟು ಪಿಕ್ಸೆಲ್ ಅಗಲದ ಆ ಸೊನ್ನೆಯನ್ನು ಮುಟ್ಟುವ ಕಿಟಕಿಗಳು ಹೆಚ್ಚೆಂದರೆ 18×18, ಅಂದರೆ 324. ಹಾಳೆಯಲ್ಲಿರುವ ಒಟ್ಟು ಕಿಟಕಿಗಳು 9,80,100. ಆ 324ಕ್ಕೂ ಸೊನ್ನೆ ಅಂಕವೇ ಸಿಕ್ಕಿತು ಎಂದರೂ ಹಾಳೆಯ ಸರಾಸರಿ 0.9997. ಹಾಳೆಯ ಬಹುಪಾಲು ಬರೀ ಬಿಳಿ, ಆ ಬಿಳಿಯೆಲ್ಲ ಪೂರ್ಣ ಅಂಕ ಗಳಿಸಿ ಒಂದು ಅಕ್ಷರದ ಸಾವನ್ನು ಮುಚ್ಚಿಹಾಕುತ್ತದೆ.

ಇದು ಕಲ್ಪನೆಯ ಭಯವಲ್ಲ. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಕಂಪ್ಯೂಟರ್ ವಿಜ್ಞಾನಿ ಒಂದು ಕಟ್ಟಡದ ನಕ್ಷೆಯನ್ನು ಕಚೇರಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, 14.13, 21.11 ಮತ್ತು 17.42 ಚದರ ಮೀಟರಿನ ಮೂರು ಕೋಣೆಗಳೂ 14.13 ಎಂದೇ ಬಂದವು. ಒಂದೇ ಥರ ಕಾಣುವ ಗುರುತುಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು ಉಳಿದ ಕಡೆ ಅದನ್ನೇ ಅಂಟಿಸುವ ಹಿಂಡುವಿಕೆಯ ವಿಧಾನ, ಸಣ್ಣ ಅಂಕಿಗಳನ್ನು ಒಂದೇ ಎಂದು ತಿಳಿದುಬಿಟ್ಟಿತ್ತು. ಮಸುಕಿಲ್ಲ, ಗದ್ದಲವಿಲ್ಲ. ಅಂಕಿಗಳು ಒಂದೊಂದೂ ಸ್ಫುಟವಾಗಿ, ಓದಲು ಸೊಗಸಾಗಿ ಇದ್ದವು. ಬೇರೆ ಅಂಕಿಗಳಾಗಿದ್ದವು ಅಷ್ಟೇ.

ಎಸ್ಸಿಮ್‌ಗೆ ಇಲ್ಲೊಂದು ಅನುಕೂಲವಿದೆ, ಸರಾಸರಿಯ ಗುಂಗಿನಲ್ಲಿ ಅದನ್ನು ಬಳಸುವವರು ಕಡಿಮೆ. ಅದು ಪ್ರತಿ ಕಿಟಕಿಗೂ ಒಂದು ಅಂಕ ಕೊಡುತ್ತದಲ್ಲ, ಆ ಅಂಕಗಳನ್ನೇ ಜೋಡಿಸಿ ಮತ್ತೊಂದು ಚಿತ್ರ ಮಾಡಬಹುದು. 1 ಬಂದಲ್ಲಿ ಬಿಳಿ, ಕಡಿಮೆಯಾದಷ್ಟೂ ಕಪ್ಪು. ಪೈಥಾನ್‌ನ `skimage` ಬಳಸುವವರು `structural_similarity` ಕರೆಯುವಾಗ `full=True` ಎಂದು ಸೇರಿಸಿದರೆ ಸರಾಸರಿಯ ಜೊತೆಗೆ ಈ ನಕ್ಷೆಯೂ ಸಿಗುತ್ತದೆ. ಮೂಲ ಹಾಳೆ ಕೈಯಲ್ಲಿರುವಾಗ ಸರಾಸರಿಯನ್ನು ಬದಿಗಿಟ್ಟು ಆ ನಕ್ಷೆಯ ಅತಿ ಕಡಿಮೆ ಅಂಕ ಎಲ್ಲಿದೆ ಎಂದು ಹುಡುಕಿದರೆ, 0.9997 ಪಡೆದ ಹಾಳೆಯ ಬೆಳ್ಳನೆಯ ಬಯಲಿನಲ್ಲಿ, ‘ದ’ಕ್ಕೂ ‘ಡ’ಕ್ಕೂ ನಡುವೆ, ಒಂದು ಕಪ್ಪು ಮಚ್ಚೆ ಕಾಣುತ್ತದೆ.